ರಾತ್ರಿ ಹತ್ತರ ಮೇಲೆ ಹೊಸ ಮ್ಯಾಚ್ ಇಲ್ಲ

ಮಗನನ್ನೋ ಮಗಳನ್ನೋ ಕರೆದುಕೊಂಡು ಮನೋವೈದ್ಯರ ಕೋಣೆಗೆ ಬರುವ ಅಪ್ಪ ಅಮ್ಮಂದಿರು ಕುರ್ಚಿಯಲ್ಲಿ ಕೂರುವ ಮೊದಲೇ ಹೇಳುವ ಮಾತು ಹೆಚ್ಚುಕಡಿಮೆ ಒಂದೇ: “ಯಾವಾಗ ನೋಡಿದ್ರೂ ಗೇಮು ಡಾಕ್ಟ್ರೇ. ದಿನಕ್ಕೆ ಆರು ಗಂಟೆ, ಏಳು ಗಂಟೆ.” ಈ ಲೆಕ್ಕ ಬಹಳ ಸಲ ತಪ್ಪಿರುತ್ತದೆ. ಸರಿಯಿದ್ದರೂ ಅದರಿಂದ ವೈದ್ಯರಿಗೆ ತಿಳಿಯುವುದು ಅಷ್ಟಕ್ಕಷ್ಟೆ. ಬೇಸಿಗೆ ರಜೆಯಲ್ಲಿ ದಿನಕ್ಕೆ ಆರು ಗಂಟೆ ಆಡಿ, ಜೂನ್‌ನಲ್ಲಿ ಶಾಲೆ ಶುರುವಾದೊಡನೆ ತಾನಾಗಿಯೇ ಒಂದು ಗಂಟೆಗೆ ಇಳಿಯುವ ಹುಡುಗರಿದ್ದಾರೆ. ದಿನಕ್ಕೆ ಮೂರೇ ಗಂಟೆ ಆಡಿದರೂ ಆ ಮೂರು ಗಂಟೆ ರಾತ್ರಿ ಹನ್ನೊಂದರಿಂದ ಎರಡರ ನಡುವೆ ಬಿದ್ದು, ಬೆಳಿಗ್ಗೆ ಮೊದಲ ಪೀರಿಯಡ್‌ನಲ್ಲೇ ಡೆಸ್ಕಿನ ಮೇಲೆ ತಲೆಯಿಟ್ಟು ಮಲಗುವವರೂ ಇದ್ದಾರೆ. ವೈದ್ಯರ ಗಮನ ಬೇಕಾಗಿರುವುದು ಎರಡನೆಯವರಿಗೆ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿ 2022ರ ಜನವರಿಯಿಂದ ಜಾರಿಗೆ ತಂದ ರೋಗಗಳ ಪಟ್ಟಿಯ 11ನೇ ಆವೃತ್ತಿಯಲ್ಲಿ ‘ಗೇಮಿಂಗ್ ಡಿಸಾರ್ಡರ್’ ಎಂಬ ಹೆಸರು ಸೇರಿತು. ಅದರ ವಿವರಣೆಯಲ್ಲಿ ಗಂಟೆಯ ಮಾತೇ ಇಲ್ಲ. ಅಲ್ಲಿ ಕೇಳುವುದು ಮೂರು ಸಂಗತಿ. ಯಾವಾಗ ಶುರು ಮಾಡಬೇಕು, ಯಾವಾಗ ನಿಲ್ಲಿಸಬೇಕು ಎಂಬ ಹಿಡಿತ ಕೈತಪ್ಪಿದೆಯೇ? ಊಟ, ನಿದ್ದೆ, ಓದು, ಗೆಳೆಯರು ಎಲ್ಲವನ್ನೂ ಆಟ ಹಿಂದಕ್ಕೆ ತಳ್ಳಿದೆಯೇ? ಕೆಡುಕಾಗುತ್ತಿದ್ದರೂ ಆಟ ಮುಂದುವರಿದಿದೆಯೇ? ಈ ಮೂರೂ ಇದ್ದು, ಬದುಕು ಎದ್ದುಕಾಣುವಂತೆ ಕೆಟ್ಟಿದ್ದು, ಸಾಮಾನ್ಯವಾಗಿ 12 ತಿಂಗಳಷ್ಟು ಕಾಲ ನಡೆದಿದ್ದರೆ ಮಾತ್ರ ಅದಕ್ಕೆ ಕಾಯಿಲೆಯ ಹೆಸರು. ಲಕ್ಷಣಗಳೆಲ್ಲ ಇದ್ದು ತೀವ್ರವಾಗಿದ್ದರೆ ಅವಧಿಯಲ್ಲಿ ರಿಯಾಯಿತಿ ಉಂಟು. ಕಾಯಿಲೆಯ ಮಟ್ಟ ಮುಟ್ಟದ, ಆದರೆ ಅತ್ತ ವಾಲುತ್ತಿರುವ ಆಟಕ್ಕೆ ಅದೇ ಪಟ್ಟಿ ‘ಹಜಾರ್ಡಸ್ ಗೇಮಿಂಗ್’ ಎಂಬ ಬೇರೆಯೇ ಖಾನೆ ಇಟ್ಟಿದೆ. ಅಪಾಯದ ಅಂಚಿನ ಆಟ ಎನ್ನಬಹುದು. ಕ್ಲಿನಿಕ್ಕಿಗೆ ಬರುವ ಹದಿಹರೆಯದವರಲ್ಲಿ ಸಣ್ಣ ಮಾತುಕತೆಯಿಂದ ಪ್ರಯೋಜನ ಪಡೆಯಬಲ್ಲವರು ಈ ಖಾನೆಯವರು.

ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ಇದಕ್ಕೆಂದು ಒಂದು ಕ್ಲಿನಿಕ್ ತೆರೆಯಿತು. ‘ಸರ್ವಿಸ್ ಫಾರ್ ಹೆಲ್ದಿ ಯೂಸ್ ಆಫ್ ಟೆಕ್ನಾಲಜಿ’ ಎಂಬ ಉದ್ದ ಹೆಸರಿನ ಮೊದಲಕ್ಷರಗಳನ್ನು ಸೇರಿಸಿ ಜನ ಅದನ್ನು ‘ಶಟ್ ಕ್ಲಿನಿಕ್’ ಎನ್ನುತ್ತಾರೆ. ದೇಶದಲ್ಲಿ ಇಂಥ ಮೊದಲ ಕ್ಲಿನಿಕ್‌ಗಳಲ್ಲಿ ಅದೂ ಒಂದು. ಆದರೆ ಮೊಬೈಲ್ ಇರುವ ಪ್ರತಿ ಮನೆಯ ಮಗುವೂ ಬೆಂಗಳೂರಿಗೆ ಹೋಗಲಾಗದು, ಹೋಗಬೇಕಾಗಿಯೂ ಇಲ್ಲ. ತಾಲ್ಲೂಕು ಆಸ್ಪತ್ರೆಯ ವೈದ್ಯರು, ಮಕ್ಕಳ ತಜ್ಞರು, ಹದಿಹರೆಯದವರಿಗಾಗಿ ಸರ್ಕಾರ ನಡೆಸುವ ಸ್ನೇಹ ಕ್ಲಿನಿಕ್‌ನ ಆಪ್ತಸಮಾಲೋಚಕರು ಅರ್ಧ ಗಂಟೆ ಬಿಡುವು ಮಾಡಿಕೊಂಡರೆ ಮೊದಲ ಹಂತದ ಕೆಲಸ ಅಲ್ಲೇ ಮುಗಿಯುತ್ತದೆ. ಅದಕ್ಕೆ ಬೇಕಾದದ್ದು ಎರಡು ಪುಟದ ಒಂದು ಫಾರಂ, ಮತ್ತೆ ಆ ಫಾರಂ ಹಿಡಿದು ಮಾತಾಡುವ ಬಗೆ.

ಸ್ಕ್ರೀನಿಂಗ್ ಒಂದು ಜರಡಿ. ಅದರಲ್ಲಿ ಉಳಿದದ್ದೆಲ್ಲ ಕಲ್ಲಲ್ಲ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2021ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು ಗೇಮಿಂಗ್ ಕಾಯಿಲೆಯ ಪ್ರಮಾಣವನ್ನು ಶೇ 3ರ ಆಸುಪಾಸು ಎಂದಿತು. ಜನರನ್ನು ಕಟ್ಟುನಿಟ್ಟಾಗಿ ಆಯ್ದ ಅಧ್ಯಯನಗಳನ್ನಷ್ಟೇ ಲೆಕ್ಕಕ್ಕೆ ಹಿಡಿದಾಗ ಅದು ಶೇ 2ಕ್ಕೆ ಇಳಿಯಿತು. ಸಾವಿರ ಮಕ್ಕಳ ಒಂದು ಶಾಲೆಯಲ್ಲಿ ಎಲ್ಲರಿಗೂ ಪ್ರಶ್ನಾವಳಿ ಹಂಚಿದರು ಎಂದುಕೊಳ್ಳಿ. ಶೇ 2ರ ಲೆಕ್ಕದಲ್ಲಿ ನಿಜವಾಗಿ ಕಾಯಿಲೆ ಇರುವವರು 20 ಮಂದಿ. ಪ್ರಶ್ನಾವಳಿ ಕಾಯಿಲೆ ಇರುವವರಲ್ಲಿ ಶೇ 90ರಷ್ಟು ಮಂದಿಯನ್ನು ಹಿಡಿಯುತ್ತದೆ, ಇಲ್ಲದವರಲ್ಲಿ ಶೇ 90ರಷ್ಟು ಮಂದಿಯನ್ನು ಸರಿಯಾಗಿಯೇ ಬಿಟ್ಟುಕೊಡುತ್ತದೆ ಎಂದಿಟ್ಟುಕೊಂಡರೂ, ಸಿಕ್ಕಿಬೀಳುವ ಒಟ್ಟು ಮಕ್ಕಳು 116. ಅವರಲ್ಲಿ ಕಾಯಿಲೆಯಿರುವವರು 18, ಇಲ್ಲದವರು 98. ಆ 98 ಮಕ್ಕಳ ಮನೆಗೆ ‘ನಿಮ್ಮ ಮಗುವಿಗೆ ಗೇಮಿಂಗ್ ಚಟ’ ಎಂಬ ಚೀಟಿ ಹೋದರೆ ಏನಾಗಬಹುದು ಎಂದು ಯಾವ ಮೇಷ್ಟ್ರಿಗೂ ಬಿಡಿಸಿ ಹೇಳಬೇಕಿಲ್ಲ. ಅಂಕ ಹೆಚ್ಚು ಬಂದ ಮಗುವಿನ ಜತೆ ಕೂತು ಮಾತಾಡಬೇಕು ಎಂಬಲ್ಲಿಗೆ ಸ್ಕ್ರೀನಿಂಗ್‌ನ ಕೆಲಸ ಮುಗಿಯುತ್ತದೆ.

ಕೆಳಗಿರುವುದು ಅಂಥ ಮಾತುಕತೆಗೆ ಒಂದು ಮಾದರಿ ಫಾರಂ. ಇದರ ಒಂಬತ್ತು ಪ್ರಶ್ನೆಗಳ ವಿಷಯ ಅಮೆರಿಕದ ಮನೋವೈದ್ಯರ ಸಂಘ 2013ರ ತನ್ನ ಕೈಪಿಡಿಯಲ್ಲಿ, ಇನ್ನೂ ಅಧ್ಯಯನ ಬೇಕು ಎಂಬ ಷರಾದೊಂದಿಗೆ ಕೊಟ್ಟ ಲಕ್ಷಣಗಳದ್ದು, ಮಾತು ಇಲ್ಲಿಯದು. ಮನೆಯಲ್ಲಿ ಮಕ್ಕಳ ಮುಂದೆ ಹಿಡಿದು ಅಂಕ ಹಾಕಲು ಇದು ಬಾರದು.

ಕ್ಲಿನಿಕ್ ಮೌಲ್ಯಮಾಪನ ಫಾರಂ (ಮಾದರಿ)

ಅ. ಮೊದಲ ವಿವರ
ವಯಸ್ಸು, ತರಗತಿ, ಜತೆಗೆ ಬಂದವರು: ______
ಬರಬೇಕೆಂದು ತೀರ್ಮಾನಿಸಿದವರು ಯಾರು? ಮಗು / ಪೋಷಕರು / ಶಾಲೆ
ಮಗುವಿನೊಂದಿಗೆ ಒಂಟಿಯಾಗಿ ಮಾತಾಡಿದ್ದು: ಹೌದು / ಇಲ್ಲ
ಯಾವ ಮಾತು ಗುಟ್ಟಾಗಿರುತ್ತದೆ, ಯಾವುದು ಇರುವುದಿಲ್ಲ ಎಂದು ಮಗುವಿಗೆ ಹೇಳಿದ್ದು: ಹೌದು / ಇಲ್ಲ

ಆ. ಆಟದ ವಿವರ
ಯಾವ ಆಟ? ಯಾರ ಜತೆ? ______
ಶುರುವಾಗಿ ಎಷ್ಟು ಕಾಲ? ಹೆಚ್ಚಾಗಿ ಎಷ್ಟು ಕಾಲ? ______
ಕಳೆದ ವಾರದ ಗಂಟೆ: ಮಗು ಹೇಳಿದ್ದು ___ ಪೋಷಕರು ಹೇಳಿದ್ದು ___ ಫೋನ್ ತೋರಿಸಿದ್ದು ___
ಆ ದಿನದ ಕೊನೆಯ ಮ್ಯಾಚ್ ಮುಗಿಯುವ ಹೊತ್ತು: ______
ಮಲಗುವ ಹೊತ್ತು, ಏಳುವ ಹೊತ್ತು: ______
ಆಟಕ್ಕೆ ಖರ್ಚಾದ ಹಣ, ಅದು ಬಂದ ದಾರಿ: ______

ಇ. ಕಳೆದ 12 ತಿಂಗಳಲ್ಲಿ (ಹೌದು / ಇಲ್ಲ / ಸ್ಪಷ್ಟವಿಲ್ಲ, ‘ಹೌದು’ ಎಂದರೆ ಒಂದು ಉದಾಹರಣೆ ಬರೆಯಿರಿ)
1. ಆಡದೇ ಇರುವಾಗಲೂ ತಲೆಯಲ್ಲಿ ಆಟದ್ದೇ ಯೋಚನೆಯೇ?
2. ಆಡಲು ಆಗದಿದ್ದಾಗ ಸಿಡುಕು, ಚಡಪಡಿಕೆ, ಬೇಸರ ಬರುತ್ತದೆಯೇ?
3. ಮೊದಲಿನಷ್ಟೇ ಖುಷಿಗೆ ಈಗ ಹೆಚ್ಚು ಹೊತ್ತು ಆಡಬೇಕಾಗುತ್ತಿದೆಯೇ?
4. ಕಡಿಮೆ ಮಾಡಲು ಹೋಗಿ ಆಗದೇ ಹೋಗಿದೆಯೇ?
5. ಮೊದಲು ಇಷ್ಟವಿದ್ದ ಬೇರೆ ಚಟುವಟಿಕೆಗಳು ಆಟದಿಂದಾಗಿ ಬಿಟ್ಟುಹೋಗಿವೆಯೇ?
6. ತೊಂದರೆಯಾಗುತ್ತಿದೆ ಎಂದು ಗೊತ್ತಿದ್ದೂ ಆಟ ಮುಂದುವರಿದಿದೆಯೇ?
7. ಎಷ್ಟು ಆಡುತ್ತೇನೆ ಎಂಬುದನ್ನು ಮನೆಯವರಿಂದ ಮುಚ್ಚಿಟ್ಟದ್ದುಂಟೇ?
8. ಬೇಸರ, ಭಯ, ಒಂಟಿತನ ಮರೆಯಲು ಆಡುವುದುಂಟೇ?
9. ಆಟದಿಂದಾಗಿ ಓದು, ಪರೀಕ್ಷೆ, ಮುಖ್ಯವಾದ ಸ್ನೇಹ ಕೈತಪ್ಪಿದೆಯೇ, ತಪ್ಪುವ ಹಂತದಲ್ಲಿದೆಯೇ?

ಈ. ಆಟ ಏನು ಕೊಡುತ್ತದೆ? (ಮಗುವಿನ ಮಾತಿನಲ್ಲೇ) ______

ಉ. ತಪ್ಪದೇ ಕೇಳಬೇಕಾದ್ದು
ಸಾಯುವ ಯೋಚನೆ, ತನಗೆ ತಾನೇ ನೋವು ಮಾಡಿಕೊಳ್ಳುವುದು, ಮನೆಯಲ್ಲಿ ಹೊಡೆದಾಟ, ಶಾಲೆ ಬಿಟ್ಟಿರುವುದು, ಆಟದಲ್ಲಿ ಪರಿಚಯವಾದವರ ಬೆದರಿಕೆ, ಬಹುದಿನದ ಖಿನ್ನತೆ, ಚಿಕ್ಕಂದಿನಿಂದ ಗಮನ ನಿಲ್ಲದ ತೊಂದರೆ

ಊ. ತೀರ್ಮಾನ
ಕಾಳಜಿ ಬೇಡ / ಅಪಾಯದ ಅಂಚು: ಸಣ್ಣ ಮಾತುಕತೆ / ಕಾಯಿಲೆಯ ಶಂಕೆ: ತಜ್ಞರಲ್ಲಿಗೆ
ಮಗು ಒಪ್ಪಿದ ಒಂದು ಬದಲಾವಣೆ: ______ ಮುಂದಿನ ಭೇಟಿ: ______

ಈ ಫಾರಂ ಹೇಗೆ ಕೆಲಸ ಮಾಡುತ್ತದೆ ಎಂಬುದು ಒಬ್ಬ ಹುಡುಗನ ಜತೆ ಕೂತಾಗ ಚೆನ್ನಾಗಿ ತಿಳಿಯುತ್ತದೆ. ಇಲ್ಲಿ ಹೇಳುವ ಹುಡುಗ ಯಾವ ಒಬ್ಬ ನಿಜವಾದ ವ್ಯಕ್ತಿಯೂ ಅಲ್ಲ. ಇಂಥ ಮಕ್ಕಳಲ್ಲಿ ಸಾಮಾನ್ಯವಾಗಿ ಕಾಣುವ ವಿವರಗಳನ್ನು ಬೆರೆಸಿ ಮಾಡಿದ ಉದಾಹರಣೆ. ಅವನಿಗೆ 15 ವರ್ಷ, ಎಸ್ಸೆಸ್ಸೆಲ್ಸಿ. ಅಪ್ಪನ ವರ್ಗಾವಣೆಯಿಂದ ಐದು ತಿಂಗಳ ಹಿಂದೆ ಹಳೆಯ ಊರು ಬಿಟ್ಟು ತುಮಕೂರಿಗೆ ಬಂದಿದ್ದಾನೆ. ಅಂಕ ಶೇ 78ರಿಂದ 61ಕ್ಕೆ ಇಳಿದಿದೆ. ಅಪ್ಪನ ಯುಪಿಐ ಖಾತೆಯಿಂದ ಮೂರು ತಿಂಗಳಲ್ಲಿ 2,400 ರೂಪಾಯಿ ‘ಡೈಮಂಡ್’ ಖರೀದಿಗೆ ಹೋಗಿದೆ. ಅದು ಗೊತ್ತಾದ ದಿನ ಮನೆಯಲ್ಲಿ ರಂಪವಾಗಿ, ಮರುವಾರ ಅಮ್ಮ ಕರೆತಂದಿದ್ದಾರೆ.

ಹಣದ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡಬೇಕು. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಕಾನೂನು ನಿಷೇಧಿಸಿರುವುದು ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆನ್‌ಲೈನ್ ಆಟಗಳನ್ನು. ಆಟದೊಳಗಿನ ಬಟ್ಟೆ, ಬಂದೂಕಿನ ಬಣ್ಣ, ಡೈಮಂಡ್ ಖರೀದಿ ಆ ಬಗೆಯದಲ್ಲ. ಹಾಗಾಗಿ ‘ಕಾನೂನು ಬಂತಲ್ಲ’ ಎಂದು ಈ ಖಾನೆಯನ್ನು ಖಾಲಿ ಬಿಡುವ ಹಾಗಿಲ್ಲ.

ಸಮಾಲೋಚಕಿ ಮೊದಲು ಅಮ್ಮನಿಂದ ಹತ್ತು ನಿಮಿಷ ಕೇಳಿ, ಅವರನ್ನು ಹೊರಗೆ ಕೂರಿಸುತ್ತಾರೆ. ಹುಡುಗನಿಗೆ ಹೇಳುವ ಮೊದಲ ಮಾತು ಗುಟ್ಟಿನದು: “ನೀನು ಇಲ್ಲಿ ಹೇಳಿದ್ದನ್ನು ನಿನ್ನನ್ನು ಕೇಳದೆ ಅಮ್ಮನಿಗೆ ಹೇಳಲ್ಲ. ಆದರೆ ನಿನ್ನ ಜೀವಕ್ಕೋ ಬೇರೆಯವರ ಜೀವಕ್ಕೋ ಅಪಾಯ ಅನ್ನಿಸಿದರೆ, ಯಾರಾದರೂ ನಿನಗೆ ತೊಂದರೆ ಕೊಡುತ್ತಿದ್ದಾರೆ ಅಂತ ಗೊತ್ತಾದರೆ ಹೇಳಲೇಬೇಕಾಗುತ್ತೆ.” ಈ ಮಾತು ಬಿಟ್ಟುಹೋದರೆ ‘ಇ’ ಭಾಗದ ಉತ್ತರಗಳೆಲ್ಲ ಅಮ್ಮನ ಕಿವಿಗೆಂದು ತಯಾರಾದ ಉತ್ತರಗಳಾಗುತ್ತವೆ. ಆಡುವುದನ್ನು ಮುಚ್ಚಿಡುತ್ತೀಯಾ ಎಂದು ಅಮ್ಮನ ಎದುರೇ ಕೇಳಿದರೆ ಯಾವ ಹುಡುಗ ಹೌದೆಂದಾನು?

ಗಂಟೆಯ ಖಾನೆಯಲ್ಲಿ ಮೂರು ಗೆರೆ ಇರುವುದಕ್ಕೂ ಕಾರಣವುಂಟು. ಈ ಹುಡುಗ ಹೇಳಿದ್ದು ವಾರಕ್ಕೆ 14 ಗಂಟೆ, ಅಮ್ಮ ಹೇಳಿದ್ದು 50ಕ್ಕೂ ಹೆಚ್ಚು. ಫೋನಿನ ಸೆಟ್ಟಿಂಗ್ಸ್‌ನಲ್ಲಿ ‘ಡಿಜಿಟಲ್ ವೆಲ್‌ಬೀಯಿಂಗ್’ ತೆರೆದು ಇಬ್ಬರೂ ಸೇರಿ ನೋಡಿದಾಗ ಆ ಆಟದ ಪಾಲಿಗೆ ಬಂದದ್ದು 31. ಅದನ್ನು ಕಂಡ ಹುಡುಗ ಸುಮ್ಮನಾದ. ಹುಡುಗ ಸುಳ್ಳು ಹೇಳಿದ ಎನ್ನುವುದಕ್ಕಿಂತ ಅವನಿಗೇ ಲೆಕ್ಕ ಸಿಕ್ಕಿರಲಿಲ್ಲ ಎನ್ನುವುದು ಹೆಚ್ಚು ಸರಿ. ಅಮ್ಮನ ಲೆಕ್ಕದಲ್ಲಿ ಅವನು ಯೂಟ್ಯೂಬ್ ನೋಡಿದ್ದು, ಶಾಲೆಯ ವಾಟ್ಸ್ಆ್ಯಪ್ ಗುಂಪಿನ ನೋಟ್ಸ್ ಬರೆದುಕೊಂಡದ್ದು ಎಲ್ಲವೂ ‘ಗೇಮು’ ಆಗಿತ್ತು.

ಕೊನೆಯ ಮ್ಯಾಚ್ ಮುಗಿಯುವ ಹೊತ್ತು ರಾತ್ರಿ 1.30. ಏಳುವುದು 6.30ಕ್ಕೆ. ಅಂದರೆ ಐದು ಗಂಟೆಯೂ ನಿದ್ದೆಯಿಲ್ಲ. 13ರಿಂದ 18 ವರ್ಷದವರಿಗೆ ಬೇಕಾದದ್ದು 8ರಿಂದ 10 ಗಂಟೆ. ಅಂಕ ಇಳಿದದ್ದಕ್ಕೆ, ಅಮ್ಮ ಹೇಳಿದ ‘ಮಾತು ಮಾತಿಗೂ ಸಿಡಿಮಿಡಿ’ಗೆ ಈ ಒಂದೇ ಗೆರೆಯಲ್ಲಿ ಅರ್ಧ ಉತ್ತರವಿದೆ.

ಒಂಬತ್ತು ಪ್ರಶ್ನೆಗಳಿಗೆ ಬರೋಣ. ಮೊದಲನೆಯದಕ್ಕೆ ‘ಇಲ್ಲ’ ಬಂತು: ಕ್ಲಾಸಿನಲ್ಲಿ ಆಟದ ಯೋಚನೆ ಮಾಡುವುದಕ್ಕೆ ಅವನು ಎಚ್ಚರವಾಗಿದ್ದರೆ ತಾನೇ. ಎರಡಕ್ಕೆ ‘ಹೌದು’: ನೆಟ್ ಹೋದ ರಾತ್ರಿ ತಂಗಿಯ ಮೇಲೆ ರೇಗಿದ್ದ. ಮೂರಕ್ಕೆ ‘ಇಲ್ಲ’. ನಾಲ್ಕಕ್ಕೆ ‘ಹೌದು’: ಎರಡು ಸಲ ಆಟವನ್ನು ಡಿಲೀಟ್ ಮಾಡಿ, ಎರಡು ಸಲವೂ ನಾಲ್ಕು ದಿನದೊಳಗೆ ಮತ್ತೆ ಹಾಕಿಕೊಂಡಿದ್ದ. ಇದು ಅಮ್ಮನಿಗೆ ಗೊತ್ತಿರಲಿಲ್ಲ. ಆರು, ಏಳು, ಎಂಟಕ್ಕೂ ‘ಹೌದು’. ಒಂಬತ್ತಕ್ಕೆ ‘ಇಲ್ಲ’: ಅಂಕ ಇಳಿದಿದೆ, ಹಾಜರಾತಿ ಸರಿಯಿದೆ, ಪರೀಕ್ಷೆ ತಪ್ಪಿಸಿಲ್ಲ.

ತೊಡಕಾದದ್ದು ಐದನೆಯದರಲ್ಲಿ. ಹಳೆಯ ಶಾಲೆಯಲ್ಲಿ ಅವನು ಕಬಡ್ಡಿ ತಂಡದಲ್ಲಿದ್ದ, ಈಗ ಆಡುತ್ತಿಲ್ಲ. ಅವಸರದ ಕೈ ಅಲ್ಲಿ ‘ಹೌದು’ ಎಂದು ಬರೆದುಬಿಡುತ್ತದೆ. ಸಮಾಲೋಚಕಿ ಇನ್ನೊಂದು ಪ್ರಶ್ನೆ ಕೇಳಿದಾಗ ತಿಳಿದದ್ದು, ಹೊಸ ಶಾಲೆಯಲ್ಲಿ ಕಬಡ್ಡಿ ತಂಡವೇ ಇಲ್ಲ ಎಂದು. ಕಬಡ್ಡಿಯನ್ನು ಮೊಬೈಲ್ ಆಟ ಓಡಿಸಿಲ್ಲ. ಕಬಡ್ಡಿ ಹೋದ ಜಾಗಕ್ಕೆ ಮೊಬೈಲ್ ಆಟ ಬಂದು ಕೂತಿದೆ. ಫಾರಂನಲ್ಲಿ ‘ಸ್ಪಷ್ಟವಿಲ್ಲ’ ಎಂಬ ಮೂರನೇ ಉತ್ತರ ಇರುವುದು ಇಂಥದ್ದಕ್ಕೆ.

ಒಟ್ಟು ಐದು ‘ಹೌದು’. ಅಮೆರಿಕದ ಕೈಪಿಡಿಯ ಪ್ರಕಾರ 12 ತಿಂಗಳಲ್ಲಿ ಐದು ಅಥವಾ ಹೆಚ್ಚು ಲಕ್ಷಣ ಇದ್ದರೆ ಕಾಯಿಲೆಯ ಗೆರೆ ದಾಟಿದ ಹಾಗೆ. ಹಾಗಾದರೆ ಇವನಿಗೆ ಕಾಯಿಲೆಯೇ? ಅಷ್ಟು ಸರಳವಿಲ್ಲ. ಈ ಎಲ್ಲ ಲಕ್ಷಣ ಒಂದೇ ತೂಕದವಲ್ಲ ಎಂಬ ವಾದ ಬಹಳ ದಿನದ್ದು. 2007ರಲ್ಲಿ ಜಾನ್ ಚಾರ್ಲ್ಟನ್ ಮತ್ತು ಇಯಾನ್ ಡ್ಯಾನ್‌ಫೋರ್ತ್ ಆಟಗಾರರನ್ನು ಪರಿಶೀಲಿಸಿ, ಆಟದಲ್ಲಿ ಮುಳುಗಿರುವುದು ಬೇರೆ, ಚಟಕ್ಕೆ ಬಿದ್ದಿರುವುದು ಬೇರೆ ಎಂದು ತೋರಿಸಿದರು. ಸದಾ ಅದರದ್ದೇ ಯೋಚನೆ, ಹೆಚ್ಚು ಹೊತ್ತು ಬೇಕೆನಿಸುವುದು ಬರಿಯ ಉತ್ಸಾಹಿಗಳಲ್ಲೂ ಕಾಣುತ್ತವೆ. ಜಗಳ, ಬಿಡಲಾಗದೆ ಮತ್ತೆ ಮರಳುವುದು ಚಟದ ಗುರುತುಗಳು. ಬೇಸರ ಮರೆಯಲು ಆಡುವುದೂ ಅಂಥ ದೊಡ್ಡ ಸಾಕ್ಷಿಯೇನಲ್ಲ. ದೊಡ್ಡವರು ಸೀರಿಯಲ್ ನೋಡುವುದು ಮತ್ತಿನ್ನೇತಕ್ಕೆ? ಈ ಹುಡುಗನಲ್ಲಿ ತೂಕದ ಉತ್ತರಗಳು ನಾಲ್ಕನೆಯದು ಮತ್ತು ಆರನೆಯದು. ಅವೆರಡೂ ನಿಜ. ಆದರೆ ಇದೆಲ್ಲ ಶುರುವಾದದ್ದು ಐದು ತಿಂಗಳಿಂದೀಚೆಗೆ, ಶಾಲೆ ನಿಂತಿಲ್ಲ, ಊಟ ತಪ್ಪಿಲ್ಲ. ‘ಉ’ ಭಾಗದಲ್ಲಿ ಸಾಯುವ ಯೋಚನೆಯ ಪ್ರಶ್ನೆಗೆ ಅವನು ನೇರವಾಗಿ “ಇಲ್ಲ ಮೇಡಂ, ಹಂಗೇನಿಲ್ಲ” ಎಂದ. ಆ ಪ್ರಶ್ನೆಯನ್ನು ಕೇಳಿದರೆ ಮಕ್ಕಳ ತಲೆಯಲ್ಲಿ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬ ಹೆದರಿಕೆಗೆ ಆಧಾರವಿಲ್ಲ. ಕೇಳದೇ ಬಿಡುವುದೇ ಅಪಾಯ.

ಕೊನೆಗೆ ಫಾರಂನ ಅತಿ ಚಿಕ್ಕ ಭಾಗ, ‘ಈ’. ಆಟ ಏನು ಕೊಡುತ್ತದೆ? ಹುಡುಗ ಹೇಳಿದ್ದು ಒಂದೇ ಸಾಲು: “ನಮ್ಮೂರಿನ ಮೂರು ಜನ ಸಿಗ್ತಾರೆ ಮೇಡಂ.” ಅವನ ಸ್ಕ್ವಾಡ್‌ನಲ್ಲಿರುವ ಮೂವರೂ ಹಳೆಯ ಕಬಡ್ಡಿ ಗೆಳೆಯರು. ಅವರಲ್ಲಿ ಒಬ್ಬನ ಅಪ್ಪ ಮಲಗುವುದು ಹತ್ತೂವರೆಗೆ, ಅವನ ಕೈಗೆ ಫೋನು ಬರುವುದು ಆಮೇಲೆ. ನಾಲ್ವರ ಆಟ ಶುರುವಾಗುವ ಹೊತ್ತು ನಿಂತಿರುವುದು ಆ ಒಂದು ಕಾರಣದ ಮೇಲೆ. ಈ ಸಾಲು ಬರೆದುಕೊಳ್ಳದಿದ್ದರೆ ಮುಂದೆ ಕೊಡುವ ಯಾವ ಸಲಹೆಯೂ ನಿಲ್ಲುವುದಿಲ್ಲ. ‘ಆಟ ಬಿಡು’ ಎಂದರೆ ಈ ಹುಡುಗನಿಗೆ ಕೇಳಿಸುವುದು ‘ಉಳಿದಿರುವ ಮೂವರು ಗೆಳೆಯರನ್ನೂ ಬಿಡು’ ಎಂದು.

ತೀರ್ಮಾನದ ಖಾನೆಯಲ್ಲಿ ಬಿದ್ದ ಗುರುತು ‘ಅಪಾಯದ ಅಂಚು’ ಎಂಬುದಕ್ಕೆ. ಇನ್ನು ಮಾತುಕತೆ.

ಸಣ್ಣ ಮಾತುಕತೆಯ ಈ ವಿಧಾನ ಕುಡಿತದ ಚಿಕಿತ್ಸೆಯಿಂದ ಬಂದದ್ದು. ಕುಡಿತ ಮಿತಿಮೀರುತ್ತಿರುವ, ಆದರೆ ಇನ್ನೂ ವ್ಯಸನಿಯಾಗದವರ ಜತೆ ವೈದ್ಯರು ಹದಿನೈದಿಪ್ಪತ್ತು ನಿಮಿಷ ಮಾಡುವ ಸಂಭಾಷಣೆ ಅದು. ಅದರಲ್ಲಿ ಉಪದೇಶಕ್ಕೆ ಜಾಗ ಕಡಿಮೆ. ಬದಲಾಗಬೇಕು ಎಂಬ ಮಾತು ವೈದ್ಯರ ಬಾಯಿಂದ ಬಂದಷ್ಟೂ ಎದುರಿಗಿರುವವರು ಆಗದಿರುವುದಕ್ಕೆ ಕಾರಣ ಹುಡುಕುತ್ತಾರೆ. ಹದಿನೈದರ ಹುಡುಗರಲ್ಲಂತೂ ಇದು ಇನ್ನೂ ಚುರುಕು.

ಸಮಾಲೋಚಕಿ ಮೊದಲು ಅನುಮತಿ ಕೇಳಿದರು: “ನಾವಿಬ್ಬರೂ ಬರೆದದ್ದರಲ್ಲಿ ನನಗೆ ಕಂಡದ್ದನ್ನು ಹೇಳಲಾ?” ಆಮೇಲೆ ಹೇಳಿದ್ದು ಎರಡೇ ಸಂಗತಿ. 31 ಗಂಟೆ, ಐದು ಗಂಟೆಗಿಂತ ಕಡಿಮೆ ನಿದ್ದೆ. ಚಟ, ದಾಸ, ಹಾಳು ಇಂಥ ಒಂದು ಪದವೂ ಇಲ್ಲ. “ಇದನ್ನ ನೋಡಿದರೆ ನಿನಗೇನನ್ನಿಸುತ್ತೆ?” ಎಂದು ಕೇಳಿ ಸುಮ್ಮನಾದರು.

“ನಿದ್ದೆ ಕಮ್ಮಿ ಆಗ್ತಿದೆ ಮೇಡಂ. ಗಣಿತ ಪೀರಿಯಡ್ಡು ಬೆಳಿಗ್ಗೇನೇ ಇರೋದು.”

“ಸೊನ್ನೆಯಿಂದ ಹತ್ತರವರೆಗೆ ಒಂದು ಗೆರೆ ಇದೆ ಅಂದ್ಕೋ. ರಾತ್ರಿ ಆಟ ಬೇಗ ನಿಲ್ಲಿಸೋದು ನಿನಗೆ ಎಷ್ಟು ಮುಖ್ಯ?”

“ಐದು.”

ಇಲ್ಲಿ ಹೊಸಬರು ಎಡವುತ್ತಾರೆ. ‘ಐದೇನಾ? ಯಾಕೆ ಎಂಟಲ್ಲ?’ ಎಂದು ಕೇಳಿಬಿಡುತ್ತಾರೆ. ಆಗ ಹುಡುಗ ತನಗೆ ಯಾಕೆ ಅಷ್ಟು ಮುಖ್ಯವಲ್ಲ ಎಂದು ವಾದ ಶುರುಮಾಡುತ್ತಾನೆ. ಕೇಳಬೇಕಾದದ್ದು ತಿರುವುಮುರುವು: “ಐದು ಅಂದೆ. ಯಾಕೆ ಎರಡು ಅನ್ನಲಿಲ್ಲ?” ಆಗ ಅವನ ಬಾಯಿಂದಲೇ ಬಂತು: ಪರೀಕ್ಷೆ ಹತ್ತಿರ ಬಂತು, ತಲೆನೋವು, ತಂಗಿಗೆ ಬೈದದ್ದು. ಮುಂದಿನ ಪ್ರಶ್ನೆ ಅದೇ ಗೆರೆಯ ಮೇಲೆ ಇನ್ನೊಂದು: ಮಾಡಬಲ್ಲೆ ಎಂಬ ಧೈರ್ಯ ಎಷ್ಟು? ಅದಕ್ಕೆ ಅವನ ಉತ್ತರ ಮೂರು. ಇಷ್ಟವಿದೆ, ನಂಬಿಕೆಯಿಲ್ಲ. ಹಾಗಿದ್ದಾಗ ಬೇಕಾದದ್ದು ಆಗಬಲ್ಲ ಒಂದು ಸಣ್ಣ ಬದಲಾವಣೆ.

“ರಾತ್ರಿ ಹತ್ತೂವರೆಗೆ ನಿಲ್ಲಿಸು” ಎಂಬುದು ಕೇಳಲು ಸರಿಯಾದ ಸಲಹೆ. ಆದರೆ ಈ ಬಗೆಯ ಆಟ ಗೊತ್ತಿರುವವರು ಹಾಗೆ ಹೇಳುವುದಿಲ್ಲ. ಆಟಗಾರರೆಲ್ಲ ಒಂದೇ ದ್ವೀಪದಲ್ಲಿ ಇಳಿದು ಕೊನೆಗೆ ಉಳಿದವರು ಗೆಲ್ಲುವ ಈ ಆಟಗಳನ್ನು ನಡುವೆ ತಡೆಹಿಡಿಯಲು ಬರುವುದಿಲ್ಲ. ಒಂದು ಮ್ಯಾಚ್ ಆಟವನ್ನು ಅವಲಂಬಿಸಿ ಕಾಲು ಗಂಟೆಯಿಂದ ಅರ್ಧ ಗಂಟೆ ಎಳೆಯುತ್ತದೆ. ನಡುವೆ ಎದ್ದುಹೋದರೆ ರ‍್ಯಾಂಕಿನ ಪಾಯಿಂಟ್ ಇಳಿಯುತ್ತದೆ, ಅದಕ್ಕಿಂತ ಹೆಚ್ಚಾಗಿ ಸ್ಕ್ವಾಡ್‌ನ ಉಳಿದ ಮೂವರು ಬೈಯುತ್ತಾರೆ. ಅಮ್ಮ ಹತ್ತೂವರೆಗೆ ಸರಿಯಾಗಿ ಬಂದು ಫೋನ್ ಕಿತ್ತುಕೊಂಡಾಗ ಹುಡುಗ ಕಿರುಚಾಡುವುದು ಎಷ್ಟೋ ಸಲ ಇದಕ್ಕೇ. ಆದ್ದರಿಂದ ನಿಯಮ ನಿಲ್ಲಿಸುವ ಹೊತ್ತಿನ ಮೇಲೆ ಇರಬಾರದು, ಶುರುಮಾಡುವ ಹೊತ್ತಿನ ಮೇಲೆ ಇರಬೇಕು. ರಾತ್ರಿ ಹತ್ತರ ಮೇಲೆ ಹೊಸ ಮ್ಯಾಚ್ ಇಲ್ಲ. ಶುರುವಾದದ್ದು ಮುಗಿಯಲಿ, ಆಮೇಲೆ ಫೋನು ನಡುಮನೆಯಲ್ಲಿ ಚಾರ್ಜಿಗೆ. ಇದನ್ನು ಹುಡುಗನೇ ತನ್ನ ಕೈಯಲ್ಲಿ ಫಾರಂನಲ್ಲಿ ಬರೆದ.

ಹತ್ತೂವರೆಯ ಗೆಳೆಯನ ಸಮಸ್ಯೆ ಉಳಿಯಿತು. ಅದಕ್ಕೆ ದಾರಿ ಹುಡುಕಿದವನೂ ಹುಡುಗನೇ: ಶನಿವಾರ ಮಧ್ಯಾಹ್ನ, ಭಾನುವಾರ ಸಂಜೆ ನಾಲ್ವರೂ ಸೇರುವುದು, ಉಳಿದ ದಿನ ಎಂಟೂವರೆಗೆ ಸಿಕ್ಕವರೊಂದಿಗೆ ಆಡುವುದು. ಭಾನುವಾರ ಬೆಳಿಗ್ಗೆ ಮೈದಾನಕ್ಕೆ ಹೋಗಿ ಅಲ್ಲಿ ಕಬಡ್ಡಿ ಆಡುವವರಿದ್ದಾರೆಯೇ ಎಂದು ನೋಡಿಬರುವುದು ಎರಡನೇ ಕೆಲಸ. ಅದಕ್ಕೆ ಅವನು ಅಷ್ಟೇನೂ ಉತ್ಸಾಹ ತೋರಲಿಲ್ಲ, ಸಮಾಲೋಚಕಿಯೂ ಒತ್ತಾಯಿಸಲಿಲ್ಲ.

ಕೊನೆಯ ಹತ್ತು ನಿಮಿಷ ಅಮ್ಮನಿಗೆ. ಪೋಷಕರ ಜತೆಗಿನ ಈ ಹತ್ತು ನಿಮಿಷ ಮುಂಚಿನ ಇಪ್ಪತ್ತಕ್ಕಿಂತ ಕಷ್ಟ. ಅವರು ಬಂದಿರುವುದು ವೈದ್ಯರು ಮಗನಿಗೆ ನಾಲ್ಕು ಮಾತು ಬೈದು ಫೋನ್ ಬಿಡಿಸುತ್ತಾರೆ ಎಂಬ ನಿರೀಕ್ಷೆಯಲ್ಲಿ. ಅವರಿಗೆ ಹೇಳಿದ್ದು ಮೂರೇ: ಎರಡು ವಾರ ಫೋನ್ ಕಿತ್ತುಕೊಳ್ಳುವುದು, ಒಡೆಯುವುದು, ನೆಂಟರ ಮುಂದೆ ಆಡಿಕೊಳ್ಳುವುದು ಬೇಡ. ಯುಪಿಐ ಪಿನ್ ಬದಲಾಯಿಸಿ, ಪ್ಲೇ ಸ್ಟೋರ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಮಾಡಿ. ಮೂರನೆಯದು, ಹತ್ತೂವರೆಯ ನಂತರ ನಡುಮನೆಯ ಚಾರ್ಜರ್ ಪಕ್ಕ ಅಪ್ಪನ ಫೋನೂ ಇರಲಿ. ಅಮ್ಮ ಮೊದಲ ಎರಡಕ್ಕೆ ತಕ್ಷಣ ಒಪ್ಪಿದರು. ಮೂರನೆಯದಕ್ಕೆ “ಅವರನ್ನ ಕೇಳಿ ಹೇಳ್ತೀನಿ ಮೇಡಂ” ಎಂದರು.

ಎರಡು ವಾರದ ನಂತರದ ಭೇಟಿಯಲ್ಲಿ ನೋಡಬೇಕಾದದ್ದು ಹುಡುಗ ಆಟ ಬಿಟ್ಟನೇ ಎಂದಲ್ಲ. ಫೋನ್ ತೋರಿಸಿದ ಗಂಟೆ 31ರಿಂದ 22ಕ್ಕೆ ಇಳಿದಿತ್ತು. ಹದಿನಾಲ್ಕು ರಾತ್ರಿಗಳಲ್ಲಿ ಒಂಬತ್ತು ರಾತ್ರಿ ಹನ್ನೊಂದರೊಳಗೆ ಮಲಗಿದ್ದ. ಐದು ರಾತ್ರಿ ನಿಯಮ ಮುರಿದಿದ್ದ, ಅವುಗಳಲ್ಲಿ ಮೂರು ಅಪ್ಪ ಅಮ್ಮ ಜಗಳವಾಡಿದ ದಿನಗಳು. ಆ ಕೊನೆಯ ಮಾತು ಮೊದಲ ಭೇಟಿಯಲ್ಲಿ ಬಂದೇ ಇರಲಿಲ್ಲ. ಮುಂದಿನ ಮಾತುಕತೆ ಅಲ್ಲಿಂದ ಶುರುವಾಗುತ್ತದೆ. ಮೊದಲ ಭೇಟಿಯಲ್ಲೇ ಪೂರ್ತಿ ಕತೆ ಸಿಕ್ಕಿತು ಎಂದುಕೊಳ್ಳುವವರು ಈ ಕೆಲಸದಲ್ಲಿ ಬಹಳ ಮೋಸ ಹೋಗುತ್ತಾರೆ.

ಇದಕ್ಕೆಲ್ಲ ಪುರಾವೆ ಎಷ್ಟಿದೆ? ಕುಡಿತಕ್ಕಿರುವಷ್ಟು ಇಲ್ಲ. ಇಪ್ಪತ್ತು ನಿಮಿಷದ ಒಂದು ಭೇಟಿಯೇ ಸಾಕು ಎಂದು ಗೇಮಿಂಗ್ ವಿಷಯದಲ್ಲಿ ಎದೆತಟ್ಟಿ ಹೇಳುವ ಹಾಗಿಲ್ಲ. ಹತ್ತಿರದ್ದು ಎನ್ನಬಹುದಾದ ಒಂದು ಅಧ್ಯಯನ ಜರ್ಮನಿಯದು, 2022ರಲ್ಲಿ ಪ್ರಕಟವಾಯಿತು. ಅಪಾಯದ ಅಂಚಿನಲ್ಲಿದ್ದ 12ರಿಂದ 18 ವರ್ಷದ 422 ಶಾಲಾ ಮಕ್ಕಳಲ್ಲಿ ಒಂದು ಗುಂಪಿಗೆ ತಲಾ 90 ನಿಮಿಷದ ನಾಲ್ಕು ತರಬೇತಿ ಕೊಟ್ಟರು. ವರ್ಷದ ಕೊನೆಯಲ್ಲಿ ಆ ಗುಂಪಿನವರಲ್ಲಿ ಲಕ್ಷಣಗಳು ಹೆಚ್ಚು ಇಳಿದಿದ್ದವು. ಗಮನಿಸಬೇಕಾದದ್ದೆಂದರೆ ತರಬೇತಿ ಪಡೆಯದ ಮಕ್ಕಳಲ್ಲೂ ಲಕ್ಷಣಗಳು ಒಂದಿಷ್ಟು ತಾವಾಗಿ ಇಳಿದಿದ್ದವು. ಇತ್ತ 2011ರ ಸಿಂಗಪುರದ ಅಧ್ಯಯನವೊಂದು ಮೂರು ಸಾವಿರ ಮಕ್ಕಳನ್ನು ಎರಡು ವರ್ಷ ಹಿಂಬಾಲಿಸಿ, ಆಟದ ತೊಂದರೆ ನಿಜಕ್ಕೂ ಗಟ್ಟಿಯಾಗಿ ಕೂತ ಮಕ್ಕಳಲ್ಲಿ ಹೆಚ್ಚಿನವರದ್ದು ಎರಡು ವರ್ಷವಾದರೂ ಹೋಗಲಿಲ್ಲ ಎಂದಿತು. ಎರಡನ್ನೂ ಒಟ್ಟಿಗೆ ಓದಿದರೆ ಫಾರಂನ ಕೊನೆಯ ಖಾನೆ ಯಾಕೆ ಮೂರು ಭಾಗವಾಗಿದೆ ಎಂಬುದು ತಿಳಿಯುತ್ತದೆ: ಕೆಲವರನ್ನು ಸುಮ್ಮನೆ ಬಿಡಬೇಕು, ಕೆಲವರ ಜತೆ ಮಾತಾಡಬೇಕು, ಕೆಲವರನ್ನು ಮಾತಿನಲ್ಲಿ ಕಾಲ ಕಳೆಯದೆ ತಜ್ಞರಲ್ಲಿಗೆ ಕಳಿಸಬೇಕು.

ಮೂರನೇ ಗುಂಪನ್ನು ಗುರುತಿಸುವುದು ಕಷ್ಟವಲ್ಲ. ಶಾಲೆಗೆ ಹೋಗುವುದೇ ನಿಂತಿದ್ದರೆ, ಫೋನ್ ಕೇಳಿದಾಗ ಕೈಮಾಡುತ್ತಿದ್ದರೆ, ಸಾಯುವ ಮಾತು ಬಂದಿದ್ದರೆ ಎರಡು ವಾರ ಕಾಯಬಾರದು. ಚಿಕ್ಕಂದಿನಿಂದಲೇ ಕೂತಲ್ಲಿ ಕೂರದ, ಗಮನ ನಿಲ್ಲದ ಮಗು ಆಟದ ಮುಂದೆ ಮಾತ್ರ ಗಂಟೆಗಟ್ಟಲೆ ಕೂರುತ್ತಿದ್ದರೆ ಎಡಿಎಚ್‌ಡಿ ಇದೆಯೇ ಎಂದು ನೋಡಬೇಕು. ಅದಕ್ಕೆ ಚಿಕಿತ್ಸೆ ಕೊಡದೆ ಆಟದ ಗಂಟೆ ಇಳಿಸಲು ಹೋದರೆ ಫಲ ಕಡಿಮೆ. ತಿಂಗಳುಗಟ್ಟಲೆ ಮಂಕಾಗಿರುವ ಮಗುವಿನಲ್ಲಿ ಖಿನ್ನತೆ ಮೊದಲೋ ಆಟ ಮೊದಲೋ ಎಂದು ಬಿಡಿಸುವುದೂ ತಜ್ಞರ ಕೆಲಸ. ಸಣ್ಣ ಮಾತುಕತೆಯ ಮೂರು ಭೇಟಿ ಮುಗಿದರೂ ನಿದ್ದೆಯ ಗೆರೆ ಅಲುಗಾಡದಿದ್ದರೆ ಅದೂ ಮುಂದಕ್ಕೆ ಕಳಿಸಲು ಸಾಕಾದ ಕಾರಣ.

ಕ್ಲಿನಿಕ್ಕಿಗೆ ಹೊರಡುವ ಪೋಷಕರು ಮಗುವಿನ ಫೋನಿನ ಕಳೆದ ವಾರದ ಗಂಟೆಯ ಲೆಕ್ಕ, ಮಲಗಿ ಏಳುವ ಹೊತ್ತು, ಕಳೆದ ಎರಡು ಪರೀಕ್ಷೆಗಳ ಅಂಕಪಟ್ಟಿ ಹಿಡಿದುಕೊಂಡು ಹೋದರೆ ಅರ್ಧ ಫಾರಂ ಅಲ್ಲೇ ತುಂಬುತ್ತದೆ. ಆ ಲೆಕ್ಕವನ್ನು ಮಗುವಿಗೆ ಹೇಳಿ, ಅದರ ಎದುರೇ ನೋಡಿ. ಕದ್ದು ನೋಡಿದರೆ ಕ್ಲಿನಿಕ್ಕಿನಲ್ಲಿ ಮಗು ಬಾಯಿ ಬಿಡುವುದಿಲ್ಲ. ಎಲ್ಲಿಗೆ ಹೋಗಬೇಕೆಂದು ತಿಳಿಯದವರು, ರಾತ್ರೋರಾತ್ರಿ ಮನೆಯಲ್ಲಿ ಜಗಳ ಕೈಮೀರಿದವರು ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಕರೆಗೆ ದುಡ್ಡಿಲ್ಲ, 24 ಗಂಟೆಯೂ ಇರುತ್ತದೆ, ಕನ್ನಡದಲ್ಲಿ ಮಾತಾಡುತ್ತಾರೆ.